ಕೊಟೇಶನ್ ಬೆಲೆಯ ಮೇಲೆ ಜಿಎಸ್‌ಟಿ: ಗ್ರಾಹಕರಿಗೆ ಹೇಗೆ ಬರೆದು ತಿಳಿಸಬೇಕು?

ದಾವಣಗೆರೆಯಲ್ಲಿ ಹೊಸ ಮನೆ ಕಟ್ಟಿಸಿರುವ ಒಬ್ಬ ಮೇಷ್ಟ್ರು ಇದ್ದಾರೆ ಎಂದುಕೊಳ್ಳೋಣ. ಗೋಡೆ, ನೆಲ, ಬಣ್ಣ ಎಲ್ಲ ಮುಗಿದು ಅಡುಗೆಮನೆಯ ಕಪಾಟು ಮತ್ತು ಎರಡು ವಾರ್ಡ್‌ರೋಬ್ ಮಾತ್ರ ಬಾಕಿ. ಊರಿನ ಇಂಟೀರಿಯರ್ ಕಂಟ್ರಾಕ್ಟರ್ ಒಬ್ಬರು ಬಂದು ಅಳತೆ ತೆಗೆದುಕೊಂಡು ಹೋಗಿ, ವಾಟ್ಸ್‌ಆ್ಯಪ್‌ನಲ್ಲಿ ಕೊಟೇಶನ್ ಕಳಿಸುತ್ತಾರೆ. ಕೊನೆಯ ಸಾಲಿನಲ್ಲಿ 3,75,000 ರೂಪಾಯಿ ಎಂದಿದೆ. ಮೇಷ್ಟ್ರು ಅಷ್ಟು ಹಣ ಹೊಂದಿಸಿಕೊಂಡು ಕೆಲಸ ಶುರುಮಾಡಿಸುತ್ತಾರೆ. ಎರಡು ತಿಂಗಳ ನಂತರ ಬಿಲ್ ಬಂದಾಗ ಅದರಲ್ಲಿ 4,42,500 ಇರುತ್ತದೆ.

ಇಲ್ಲಿ ಯಾರೂ ಮೋಸ ಮಾಡಿಲ್ಲ. ಹೆಚ್ಚಾದ 67,500 ರೂಪಾಯಿ 18% ಜಿಎಸ್‌ಟಿ, ಅದು ಸರ್ಕಾರಕ್ಕೆ ಹೋಗುವ ಹಣ. ಕಂಟ್ರಾಕ್ಟರ್ ಮನಸ್ಸಿನಲ್ಲಿ ಅದು ಮೊದಲಿನಿಂದಲೂ ‘ಎಕ್ಸ್‌ಟ್ರಾ’ ಆಗಿತ್ತು, ಮೇಷ್ಟ್ರ ಮನಸ್ಸಿನಲ್ಲಿ ಇರಲೇ ಇಲ್ಲ. ಆದರೆ ಕಪಾಟಿನ ಬಾಗಿಲು ಕೂರಿಸುವ ಹೊತ್ತಿಗೆ ಇಬ್ಬರ ನಡುವೆ ಮಾತು ನಿಂತಿರುತ್ತದೆ. ಕೆಲಸ ಶುರುವಾಗುವ ಮೊದಲು ಕಳಿಸಬೇಕಿದ್ದ ಒಂದು ಸಣ್ಣ ಸಂದೇಶ ಹೋಗದೇ ಇದ್ದದ್ದೇ ಇದಕ್ಕೆ ಕಾರಣ. ಆ ಸಂದೇಶದಲ್ಲಿ ಏನಿರಬೇಕು, ಲೆಕ್ಕವನ್ನು ಹೇಗೆ ತೋರಿಸಬೇಕು ಎಂಬುದನ್ನು ಇದೇ ಉದಾಹರಣೆ ಹಿಡಿದು ನೋಡೋಣ.

ಮೇಷ್ಟ್ರು 3,75,000 ಅನ್ನೇ ಪೂರ್ತಿ ಬೆಲೆ ಎಂದು ತಿಳಿದದ್ದರಲ್ಲಿ ತಪ್ಪೇನೂ ಇಲ್ಲ. ನಾವು ಅಂಗಡಿಯಲ್ಲಿ ಕೊಳ್ಳುವ ಸೋಪು, ಬಿಸ್ಕತ್ತು, ಎಣ್ಣೆ ಪ್ಯಾಕೆಟ್ಟಿನ ಮೇಲೆಲ್ಲ ಎಂಆರ್‌ಪಿ ಇರುತ್ತದೆ. ಪೊಟ್ಟಣದ ಸರಕಿನ ಮೇಲೆ ಹಾಕುವ ಈ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿರಬೇಕು ಎಂಬುದು ಕಾನೂನು. ಹೀಗಾಗಿ ಬೆಲೆ ಎಂದರೆ ಕೈಯಿಂದ ಕೊಡುವ ಹಣ ಎಂದೇ ಜನರಿಗೆ ರೂಢಿಯಾಗಿದೆ. ಆದರೆ ಕಂಟ್ರಾಕ್ಟ್ ಕೆಲಸಕ್ಕೆ ಎಂಆರ್‌ಪಿ ಇಲ್ಲ. ಅಲ್ಲಿ ಬೆಲೆ ಹೇಳುವವರು ಹೆಚ್ಚಾಗಿ ತೆರಿಗೆ ಬಿಟ್ಟೇ ಹೇಳುತ್ತಾರೆ. ಚದರಡಿ ಲೆಕ್ಕದಲ್ಲಿ ಹೇಳಿದರಂತೂ ಇದು ಇನ್ನೂ ಮರೆಯಾಗುತ್ತದೆ. ಚದರಡಿಗೆ 1,500 ಎಂದು ಕೇಳಿದ ಕಿವಿಗೆ ಅದು ನಿಜದಲ್ಲಿ 1,770 ಎಂದು ಹೊಳೆಯುವುದಿಲ್ಲ.

ಕೊಟೇಶನ್‌ನ ಅಡಿಯಲ್ಲಿ ‘ಜಿಎಸ್‌ಟಿ ಪ್ರತ್ಯೇಕ’ ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ನನ್ನ ಪ್ರಕಾರ ಸಾಲದು. ಶೇಕಡಾ ಎಷ್ಟು, ಯಾವ ಮೊತ್ತದ ಮೇಲೆ, ಕೊನೆಗೆ ಎಷ್ಟು ರೂಪಾಯಿ ಎಂಬ ಮೂರೂ ಗ್ರಾಹಕರ ತಲೆಗೇ ಬಿಟ್ಟ ಲೆಕ್ಕವಾಗುತ್ತದೆ, ಆ ಲೆಕ್ಕವನ್ನು ಬಹುಪಾಲು ಜನ ಮಾಡುವುದಿಲ್ಲ. ಕೊನೆಯ ಮೊತ್ತವನ್ನು ರೂಪಾಯಿಯಲ್ಲೇ ಬರೆಯಬೇಕು. ಅದು ಅಡ್ವಾನ್ಸ್ ಕೈಗೆ ಬರುವ ಮೊದಲೇ ಗ್ರಾಹಕರಿಗೆ ತಲುಪಿರಬೇಕು.

ಮೇಷ್ಟ್ರಿಗೆ ಕಳಿಸಬಹುದಾದ ಸಂದೇಶ ಹೀಗಿರಬಹುದು:

“ನಮಸ್ಕಾರ ಮೇಷ್ಟ್ರೇ. ಸೋಮವಾರ ಕಳಿಸಿದ ಕೊಟೇಶನ್ ಬಗ್ಗೆ ಒಂದು ವಿಷಯ ಸ್ಪಷ್ಟವಾಗಿ ತಿಳಿಸುತ್ತಿದ್ದೇನೆ. ಅದರಲ್ಲಿರುವ ಬೆಲೆಗಳಲ್ಲಿ ಜಿಎಸ್‌ಟಿ ಸೇರಿಲ್ಲ. 18% ಜಿಎಸ್‌ಟಿ ಸೇರಿ ನೀವು ಕೊಡಬೇಕಾದ ಪೂರ್ತಿ ಮೊತ್ತ 4,42,500 ರೂಪಾಯಿ. ಲೆಕ್ಕ ಹೀಗಿದೆ:

ಅಡುಗೆಮನೆ ಕಪಾಟು: 2,40,000
ವಾರ್ಡ್‌ರೋಬ್ ಎರಡು: 1,30,000
ಸಾಗಣೆ ಮತ್ತು ಫಿಟ್ಟಿಂಗ್: 15,000
ಒಟ್ಟು: 3,85,000
ರಿಯಾಯಿತಿ: 10,000
ತೆರಿಗೆಗೆ ಮುಂಚಿನ ಬೆಲೆ: 3,75,000
ಸಿಜಿಎಸ್‌ಟಿ 9%: 33,750
ಎಸ್‌ಜಿಎಸ್‌ಟಿ 9%: 33,750
ನೀವು ಕೊಡಬೇಕಾದ ಒಟ್ಟು ಮೊತ್ತ: 4,42,500

ಅಡ್ವಾನ್ಸ್ ಶೇಕಡಾ 40, ಅಂದರೆ ಜಿಎಸ್‌ಟಿ ಸೇರಿ 1,77,000. ಕೆಲಸ ಮುಗಿದ ಮೇಲೆ ಬಾಕಿ 2,65,500. ಕೆಲಸ ಹೆಚ್ಚಾದರೆ ಅದರ ಬೆಲೆಯನ್ನೂ ಜಿಎಸ್‌ಟಿ ಸೇರಿಸಿ ಮೊದಲೇ ತಿಳಿಸುತ್ತೇನೆ. ಸರ್ಕಾರ ತೆರಿಗೆ ದರ ಬದಲಿಸಿದರೆ ಬಾಕಿ ಹಣಕ್ಕೆ ಆಗ ಅನ್ವಯಿಸುವ ದರ ಹಾಕಬೇಕಾಗುತ್ತದೆ. ಈ ಮೊತ್ತ ನಿಮಗೆ ಒಪ್ಪಿಗೆಯಾದರೆ ದಯವಿಟ್ಟು ಒಂದು ಸಾಲು ಉತ್ತರಿಸಿ, ಆಮೇಲೆ ಪ್ಲೈವುಡ್ ತರಿಸುತ್ತೇನೆ.”

ಈ ಸಂದೇಶದಲ್ಲಿ 4,42,500 ಎಂಬ ಸಂಖ್ಯೆ ಎರಡು ಸಲ ಬಂದಿದೆ, ಲೆಕ್ಕಕ್ಕೆ ಮುಂಚೆ ಒಮ್ಮೆ, ಲೆಕ್ಕದ ಕೊನೆಗೆ ಇನ್ನೊಮ್ಮೆ. ಫೋನಿನಲ್ಲಿ ಸಂದೇಶದ ಮೊದಲ ಎರಡು ಸಾಲು ಮಾತ್ರ ಓದಿ ಇಟ್ಟುಬಿಡುವವರಿಗೂ ಪೂರ್ತಿ ಮೊತ್ತ ತಿಳಿಯಬೇಕೆಂಬುದೇ ಇದರ ಉದ್ದೇಶ. “ಕ್ಷಮಿಸಿ, ತೆರಿಗೆ ಹಾಕಲೇಬೇಕಾಗಿದೆ” ಎಂಬಂಥ ಮಾತು ಇಲ್ಲಿಲ್ಲ. ತೆರಿಗೆ ಕಂಟ್ರಾಕ್ಟರ್ ತಮಗಾಗಿ ಕೇಳುವ ಹಣವಲ್ಲ, ಅದಕ್ಕೆ ಸಂಕೋಚಪಡಬೇಕಾಗಿಲ್ಲ. ಸಂಕೋಚದಿಂದ ಬರೆದರೆ ಓದುವವರಿಗೆ ಅದು ಚೌಕಾಶಿ ಮಾಡಬಹುದಾದ ಬಾಬತ್ತು ಎನ್ನಿಸುತ್ತದೆ.

ಲೆಕ್ಕದ ಕ್ರಮಕ್ಕೂ ಕಾರಣವಿದೆ. ಬಿಲ್ಲಿನಲ್ಲಿಯೇ ತೋರಿಸಿದ ರಿಯಾಯಿತಿಯನ್ನು ಕಳೆದ ಮೇಲೆ ಉಳಿಯುವ ಮೊತ್ತಕ್ಕೆ ತೆರಿಗೆ ಹಾಕಬೇಕೆಂದು ಜಿಎಸ್‌ಟಿ ಕಾಯ್ದೆಯ 15ನೇ ಸೆಕ್ಷನ್ ಹೇಳುತ್ತದೆ. ಮೊದಲು ತೆರಿಗೆ ಹಾಕಿ ಆಮೇಲೆ 10,000 ಕಳೆದರೆ ಮೊತ್ತ 4,44,300 ಆಗುತ್ತದೆ, ಮೇಷ್ಟ್ರಿಗೆ 1,800 ರೂಪಾಯಿ ಹೆಚ್ಚಿನ ಹೊರೆ. ಅದೇ ಸೆಕ್ಷನ್ ಪ್ರಕಾರ ಕಂಟ್ರಾಕ್ಟರ್ ವಸೂಲಿ ಮಾಡುವ ಸಾಗಣೆ, ಪ್ಯಾಕಿಂಗ್, ಫಿಟ್ಟಿಂಗ್ ಖರ್ಚು ಕೂಡ ಬೆಲೆಯ ಭಾಗವೇ. ಆದ್ದರಿಂದ ಆ 15,000ವನ್ನು ತೆರಿಗೆಯ ಕೆಳಗೆ ಬೇರೆಯಾಗಿ ಬರೆಯುವಂತಿಲ್ಲ, ಮೇಲಿನ ಪಟ್ಟಿಯಲ್ಲೇ ಸೇರಿಸಬೇಕು. ಅಡ್ವಾನ್ಸ್‌ನಲ್ಲೂ ತೆರಿಗೆ ಇದೆ. 1,77,000ದಲ್ಲಿ ಕೆಲಸದ ಬೆಲೆ 1,50,000, ತೆರಿಗೆ 27,000. ಇಂಥ ಕಂಟ್ರಾಕ್ಟ್ ಕೆಲಸವನ್ನು ಸೇವೆ ಎಂದು ಪರಿಗಣಿಸಿದಾಗ ಮುಂಗಡ ಹಣ ಬಂದಾಗಲೇ ಅದರ ಮೇಲಿನ ಜಿಎಸ್‌ಟಿ ಕಟ್ಟುವ ಹೊಣೆ ಬರುತ್ತದೆ. ಅಡ್ವಾನ್ಸ್ ಅನ್ನು ತೆರಿಗೆ ಬಿಟ್ಟು 1,50,000 ಎಂದು ತೆಗೆದುಕೊಂಡ ಕಂಟ್ರಾಕ್ಟರ್, ಪ್ಲೈವುಡ್ ಕೊಳ್ಳಲು ಇಟ್ಟ ಹಣದಲ್ಲೇ ತೆರಿಗೆ ತೆಗೆದು ಕಟ್ಟಬೇಕಾಗುತ್ತದೆ.

ಈಗ ಸಂದೇಶ ಕಳಿಸದೇ ಇದ್ದ ಸಂದರ್ಭಕ್ಕೆ ಬರೋಣ. ಮೇಷ್ಟ್ರು “ನೀವು ಹೇಳಿದ್ದು 3,75,000, ನಾನು ಕೊಡುವುದೂ ಅಷ್ಟೇ” ಎಂದು ಪಟ್ಟು ಹಿಡಿಯುತ್ತಾರೆ. ಕಂಟ್ರಾಕ್ಟರ್ ಜಗಳ ಬೇಡವೆಂದು ಒಪ್ಪಿಕೊಳ್ಳುತ್ತಾರೆ. ಆದರೆ ಗ್ರಾಹಕರು ಕೊಡಲಿಲ್ಲ ಎಂಬ ಕಾರಣಕ್ಕೆ ಸರ್ಕಾರ ತೆರಿಗೆ ಬಿಡುವುದಿಲ್ಲ, ಕಟ್ಟುವ ಹೊಣೆ ಕಂಟ್ರಾಕ್ಟರ್‌ರದೇ. ಆಗ ಬಂದ ಹಣದೊಳಗೇ ತೆರಿಗೆ ಸೇರಿದೆ ಎಂದು ತಿಳಿದು ಹಿಂದಕ್ಕೆ ಲೆಕ್ಕ ಹಾಕಬೇಕು. ಇದಕ್ಕೆ ಜಿಎಸ್‌ಟಿ ನಿಯಮಾವಳಿಯ 35ನೇ ನಿಯಮದಲ್ಲಿ ಸೂತ್ರವಿದೆ. ಬಂದ ಮೊತ್ತವನ್ನು 18ರಿಂದ ಗುಣಿಸಿ 118ರಿಂದ ಭಾಗಿಸಬೇಕು. 3,75,000ಕ್ಕೆ ಹಾಗೆ ಮಾಡಿದರೆ ತೆರಿಗೆ ಸುಮಾರು 57,203 ಬರುತ್ತದೆ, ಕೆಲಸಕ್ಕೆ ಉಳಿಯುವುದು 3,17,797. ಕಂಟ್ರಾಕ್ಟರ್ ತಾವು ಅಂದುಕೊಂಡ ಬೆಲೆಯಲ್ಲಿ 57,000ಕ್ಕೂ ಹೆಚ್ಚು ಕಳೆದುಕೊಂಡರು. ಇಂಥ ಕೆಲಸದಲ್ಲಿ ಅವರ ಲಾಭವೇ ಅಷ್ಟಿರಬಹುದು.

ಇಲ್ಲಿ ಅನೇಕರು ಎಡವುತ್ತಾರೆ. ತೆರಿಗೆ ಸೇರಿದ ಮೊತ್ತದಿಂದ ನೇರವಾಗಿ 18% ಕಳೆದು, 3,75,000ದಲ್ಲಿ 67,500 ತೆರಿಗೆ, ಉಳಿದ 3,07,500 ಕೆಲಸದ ಬೆಲೆ ಎಂದು ಬರೆಯುತ್ತಾರೆ. ತಾಳೆ ನೋಡಿದರೆ ತಪ್ಪು ಗೊತ್ತಾಗುತ್ತದೆ. 3,07,500ಕ್ಕೆ 18% ಸೇರಿಸಿದರೆ 3,62,850 ಬರುತ್ತದೆಯೇ ಹೊರತು 3,75,000 ಅಲ್ಲ. ತೆರಿಗೆ ಹಾಕುವುದು ಸಣ್ಣ ಮೊತ್ತದ ಮೇಲೆ, ಕಳೆಯುತ್ತಿರುವುದು ದೊಡ್ಡ ಮೊತ್ತದಿಂದ. ಆದ್ದರಿಂದ ಎರಡೂ ಕಡೆ ಅದೇ 18 ಬಳಸಿದರೆ ಸರಿಹೊಂದುವುದಿಲ್ಲ.

ಸಂದೇಶ ಓದಿದ ಮೇಲೆ ಮೇಷ್ಟ್ರು ಕೇಳಬಹುದಾದ ಒಂದು ಪ್ರಶ್ನೆ ನಿಜಕ್ಕೂ ಒಳ್ಳೆಯದು: “ಪ್ಲೈವುಡ್ ಕೊಳ್ಳುವಾಗಲೇ ನೀವು ಜಿಎಸ್‌ಟಿ ಕಟ್ಟಿರುತ್ತೀರಿ. ನನ್ನ ಹತ್ತಿರ ಮತ್ತೆ ಯಾಕೆ?” ಇದಕ್ಕೆ ಉತ್ತರ ಕೊಡಲು ಬಾರದ ಕಂಟ್ರಾಕ್ಟರ್ ಮೇಲೆ ಅನುಮಾನ ಬರುವುದು ಸಹಜ. ಉತ್ತರ ಹೀಗೆ: ಪ್ಲೈವುಡ್, ಲ್ಯಾಮಿನೇಟ್, ಹಿಂಜ್ ಎಲ್ಲಕ್ಕೂ ತೆರಿಗೆ ಬಿಟ್ಟು 2,00,000 ಆಯಿತು, ಅದರ ಮೇಲೆ 36,000 ತೆರಿಗೆ ಕಟ್ಟಿದರು ಎಂದಿಟ್ಟುಕೊಳ್ಳಿ. ನೋಂದಾಯಿತ ಕಂಟ್ರಾಕ್ಟರ್‌ಗೆ ಈ 36,000 ಜಮೆಯಾಗಿ ಸಿಗುತ್ತದೆ. ಮೇಷ್ಟ್ರಿಂದ ಪಡೆದ 67,500ರಲ್ಲಿ ಅದನ್ನು ಕಳೆದು ಉಳಿದ 31,500 ಮಾತ್ರ ಅವರು ಸರ್ಕಾರಕ್ಕೆ ಕಟ್ಟುತ್ತಾರೆ. ಇದನ್ನೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಎನ್ನುವುದು. ಒಟ್ಟಾರೆ ಸರ್ಕಾರಕ್ಕೆ ಸೇರುವುದು 67,500, ಅದರಲ್ಲಿ 36,000 ಪ್ಲೈವುಡ್ ಅಂಗಡಿಯ ಮೂಲಕ, 31,500 ಕಂಟ್ರಾಕ್ಟರ್ ಮೂಲಕ.

ಅಂದಮೇಲೆ ಕಂಟ್ರಾಕ್ಟರ್ ತಮ್ಮ ಬೆಲೆ ಕಟ್ಟುವಾಗ ಸಾಮಾನಿನ ಖರ್ಚನ್ನು 2,00,000 ಎಂದೇ ಹಿಡಿಯಬೇಕು, 2,36,000 ಎಂದಲ್ಲ. ಅಂಗಡಿಯ ಬಿಲ್ಲಿನ ಕೊನೆಯ ಮೊತ್ತವನ್ನೇ ಖರ್ಚೆಂದು ಹಿಡಿದು, ಅದರ ಮೇಲೆ ಕೂಲಿ, ಲಾಭ ಸೇರಿಸಿ, ಮತ್ತೆ 18% ಹಾಕಿದರೆ ಗ್ರಾಹಕರು ತೆರಿಗೆಯ ಮೇಲೆ ತೆರಿಗೆ ಕೊಟ್ಟಂತಾಯಿತು. ಸಣ್ಣ ಕಂಟ್ರಾಕ್ಟರ್‌ಗಳಲ್ಲಿ ಇದು ದುರುದ್ದೇಶಕ್ಕಿಂತ ಹೆಚ್ಚಾಗಿ ಹಳೆಯ ರೂಢಿಯಿಂದ ಆಗುತ್ತದೆ. ಪಕ್ಕದ ಕಂಟ್ರಾಕ್ಟರ್‌ಗಿಂತ ತಮ್ಮ ಕೊಟೇಶನ್ ಯಾಕೆ ದುಬಾರಿಯಾಯಿತು ಎಂದು ತಲೆಕೆಡಿಸಿಕೊಳ್ಳುವವರು ಮೊದಲು ನೋಡಬೇಕಾದ ಜಾಗ ಇದು.

ಇನ್ನು “ಬಿಲ್ ಬೇಡ ಬಿಡಿ, ಹಾಗೇ ಮಾಡಿಕೊಡಿ” ಎಂಬ ಮಾತು. ನಮ್ಮ ಊರುಗಳಲ್ಲಿ ತೆರಿಗೆಯ ಮಾತೆತ್ತಿದ ತಕ್ಷಣ ಬರುವ ಉತ್ತರ ಇದೇ. ಬಿಲ್ ಬರೆಯದಿದ್ದರೆ ತೆರಿಗೆ ಇರುವುದಿಲ್ಲ ಎಂಬ ತಿಳಿವಳಿಕೆ ತಪ್ಪು. ಕೆಲಸ ಮಾಡಿಕೊಟ್ಟರೆ ತೆರಿಗೆ ಹುಟ್ಟುತ್ತದೆ, ಬಿಲ್ ಅದರ ದಾಖಲೆ ಮಾತ್ರ. ಬಿಲ್ಲಿಲ್ಲದೆ ಕೆಲಸ ಮಾಡಿದ್ದು ಬಯಲಾದರೆ ಕಂಟ್ರಾಕ್ಟರ್ ತೆರಿಗೆ ಮತ್ತು ಬಡ್ಡಿಯ ಜೊತೆಗೆ ದಂಡವನ್ನೂ ಕಟ್ಟಬೇಕು. ದಂಡವೇ 10,000 ರೂಪಾಯಿ ಅಥವಾ ತಪ್ಪಿಸಿದ ತೆರಿಗೆಯಷ್ಟು, ಯಾವುದು ಹೆಚ್ಚೋ ಅದು. ಗ್ರಾಹಕರಿಗೂ ನಷ್ಟವಿದೆ. ವರ್ಷದೊಳಗೆ ಕಪಾಟಿನ ಬಾಗಿಲು ಬಾಗಿತು, ಪ್ಲೈವುಡ್‌ಗೆ ಹುಳು ಬಿತ್ತು ಎಂದರೆ ಯಾವ ಗುಣಮಟ್ಟದ ಸಾಮಾನಿಗೆ ಎಷ್ಟು ಹಣ ಕೊಟ್ಟಿದ್ದರು ಎಂದು ತೋರಿಸಲು ಅವರ ಕೈಯಲ್ಲಿ ಏನೂ ಇರುವುದಿಲ್ಲ. ಈ ಮಾತು ಬಂದಾಗ ವಾದಕ್ಕಿಳಿಯದೆ “ನಮ್ಮ ಎಲ್ಲ ಕೆಲಸಕ್ಕೂ ಬಿಲ್ ಕೊಡುತ್ತೇವೆ ಮೇಷ್ಟ್ರೇ, ವಾರಂಟಿಯೂ ಆ ಬಿಲ್ಲಿನ ಮೇಲೆಯೇ” ಎಂದಷ್ಟೇ ಬರೆದರೆ ಸಾಕಾಗುತ್ತದೆ.

ಆದರೆ ಜಿಎಸ್‌ಟಿ ಕೇಳುವ ಎಲ್ಲರಿಗೂ ಅದನ್ನು ಕೇಳುವ ಹಕ್ಕಿಲ್ಲ ಎಂಬುದನ್ನು ಗ್ರಾಹಕರು ತಿಳಿದಿರಬೇಕು. ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದವರು ತೆರಿಗೆ ವಸೂಲಿ ಮಾಡುವಂತಿಲ್ಲ, ಅವರು ಹೇಳಿದ ಬೆಲೆಯೇ ಕೊನೆಯ ಬೆಲೆ. ಕಾಂಪೊಸಿಶನ್ ಯೋಜನೆಯಲ್ಲಿರುವವರು ನೋಂದಾಯಿತರೇ ಆದರೂ ಗ್ರಾಹಕರಿಂದ ಪ್ರತ್ಯೇಕವಾಗಿ ತೆರಿಗೆ ತೆಗೆದುಕೊಳ್ಳುವಂತಿಲ್ಲ, ಅವರು ತಮ್ಮ ಜೇಬಿನಿಂದಲೇ ಕಡಿಮೆ ದರದ ತೆರಿಗೆ ಕಟ್ಟುತ್ತಾರೆ. ಇದನ್ನು ಪರೀಕ್ಷಿಸುವುದು ಸುಲಭ. ಕೊಟೇಶನ್ ಮೇಲೆ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಇರಬೇಕು. ಕರ್ನಾಟಕದ್ದಾದರೆ ಮೊದಲ ಎರಡು ಅಂಕಿ 29, ಅದರ ನಂತರದ ಹತ್ತು ಪ್ಯಾನ್ ಸಂಖ್ಯೆ. gst.gov.in ಜಾಲತಾಣದಲ್ಲಿ Search Taxpayer ಎಂಬಲ್ಲಿ ಆ ಸಂಖ್ಯೆ ಹಾಕಿದರೆ ವ್ಯಾಪಾರಿಯ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೇ ರದ್ದಾಗಿದೆಯೇ, ಸಾಮಾನ್ಯ ನೋಂದಣಿಯೋ ಕಾಂಪೊಸಿಶನ್ನೋ ಎಲ್ಲವೂ ಕಾಣುತ್ತದೆ. ರದ್ದಾದ ಸಂಖ್ಯೆ ಹಾಕಿ 18% ಕೇಳುವವರಿಗೆ ಆ ಹಣ ಕೊಡಬೇಕಾಗಿಲ್ಲ. ನಿಜವಾದ ಕಂಟ್ರಾಕ್ಟರ್ ತಮ್ಮ ಸಂದೇಶದ ಕೆಳಗೆ ಸಂಖ್ಯೆಯನ್ನು ತಾವಾಗಿಯೇ ಬರೆದರೆ ಗ್ರಾಹಕರು ಹುಡುಕುವ ಕಷ್ಟವೂ ತಪ್ಪುತ್ತದೆ.

ಇದೇ ಕೆಲಸವನ್ನು ಮೇಷ್ಟ್ರ ಮನೆಗಲ್ಲದೆ ಊರಿನ ಒಂದು ಕಂಪನಿಯ ಆಫೀಸಿಗೆ ಮಾಡಿದರೆ ಸಂದೇಶ ಸ್ವಲ್ಪ ಬದಲಾಗುತ್ತದೆ. ಮೇಷ್ಟ್ರಿಗೆ 67,500 ಪೂರ್ತಿ ಖರ್ಚು. ಜಿಎಸ್‌ಟಿ ನೋಂದಣಿ ಇರುವ ಕಂಪನಿಗೆ ಆಫೀಸಿನ ಪೀಠೋಪಕರಣದ ಮೇಲಿನ ತೆರಿಗೆ ಸಾಮಾನ್ಯವಾಗಿ ಜಮೆಯಾಗಿ ವಾಪಸ್ ಸಿಗುತ್ತದೆ, ಕಟ್ಟಡದ ಭಾಗವೇ ಆಗಿಬಿಡುವ ಕಾಮಗಾರಿಗೆ ಸಿಗುವುದಿಲ್ಲ. ಅವರಿಗೆ ಬರೆಯುವಾಗ ಅವರ ಜಿಎಸ್‌ಟಿ ಸಂಖ್ಯೆಯನ್ನು ಕೇಳಿ ಪಡೆದು ಬಿಲ್ಲಿನಲ್ಲಿ ಹಾಕುವುದು ಮುಖ್ಯ. ಅದಿಲ್ಲದೆ ಅವರಿಗೆ ಜಮೆ ಸಿಗದು.

ಕಂಪನಿಗಳಿಂದ ಹಣ ಬರುವಾಗ ಇನ್ನೊಂದು ಗೊಂದಲವಿದೆ. ಅವರು ಆದಾಯ ತೆರಿಗೆಯ ಟಿಡಿಎಸ್ ಹಿಡಿದುಕೊಂಡು ಉಳಿದದ್ದನ್ನು ಕಳಿಸುತ್ತಾರೆ. ಕಂಟ್ರಾಕ್ಟರ್ ಒಬ್ಬ ವ್ಯಕ್ತಿಯಾಗಿದ್ದರೆ ಇಂಥ ಕೆಲಸಕ್ಕೆ ಟಿಡಿಎಸ್ 1%. ಒಪ್ಪಂದ ಮತ್ತು ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಬೇರೆಯಾಗಿ ತೋರಿಸಿದ್ದರೆ ಅದನ್ನು ಬಿಟ್ಟು ಉಳಿದ ಬೆಲೆಯ ಮೇಲೆ ಮಾತ್ರ ಟಿಡಿಎಸ್ ಹಿಡಿಯಬೇಕೆಂದು ಆದಾಯ ತೆರಿಗೆ ಇಲಾಖೆ 2017ರ ಜುಲೈನಲ್ಲೇ ಸುತ್ತೋಲೆ ಹೊರಡಿಸಿದೆ. ನಮ್ಮ ಲೆಕ್ಕದಲ್ಲಿ 3,75,000ದ 1% ಅಂದರೆ 3,750 ಹಿಡಿದು ಬ್ಯಾಂಕಿಗೆ 4,38,750 ಬರಬೇಕು. ‘4,42,500, ಎಲ್ಲ ಸೇರಿ’ ಎಂದು ಒಂದೇ ಸಾಲು ಬರೆದವರಿಗೆ ಪೂರ್ತಿ ಮೊತ್ತದ ಮೇಲೆ 4,425 ಹಿಡಿಯುತ್ತಾರೆ. ವ್ಯತ್ಯಾಸ ಸಣ್ಣದು, ಆದರೆ ಹತ್ತಾರು ಬಿಲ್ಲುಗಳಲ್ಲಿ ಸೇರಿ ವರ್ಷಕ್ಕೆ ಗಣನೀಯ ಮೊತ್ತವಾಗುತ್ತದೆ. ರಿಟರ್ನ್ ಸಲ್ಲಿಸುವವರೆಗೆ ಅದು ಕೈಗೆ ಸಿಗದು.

ಗ್ರಾಹಕರು ಬೇರೆ ರಾಜ್ಯದವರಾದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂಬ ಎರಡು ಸಾಲಿನ ಬದಲು ಐಜಿಎಸ್‌ಟಿ 18% ಎಂಬ ಒಂದೇ ಸಾಲು ಬರುವ ಸಂದರ್ಭಗಳಿವೆ. ಮನೆಯೊಳಗಿನ ಫಿಟ್ಟಿಂಗ್ ಕೆಲಸದಲ್ಲಿ ಮನೆ ಎಲ್ಲಿದೆ ಎಂಬುದು ಲೆಕ್ಕಕ್ಕೆ ಬರುತ್ತದೆ. ಮೇಷ್ಟ್ರ ಮಗಳು ಪುಣೆಯಲ್ಲಿದ್ದು ಹಣ ಅವರೇ ಕಳಿಸಿದರೂ ಮನೆ ದಾವಣಗೆರೆಯಲ್ಲಿ ಇರುವುದರಿಂದ ಎರಡು ಸಾಲೇ ಸರಿ. ಯಾವ ರೀತಿ ಬಂದರೂ ಕೊನೆಯ ಮೊತ್ತ ಬದಲಾಗುವುದಿಲ್ಲ.

ದರ ಬದಲಾಗುವ ಮಾತನ್ನು ಸಂದೇಶದಲ್ಲಿ ಸೇರಿಸಿದ್ದು ಸುಮ್ಮನೆ ಅಲ್ಲ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ದೊಡ್ಡ ಪ್ರಮಾಣದಲ್ಲಿ ಬದಲಾದವು. ಉದಾಹರಣೆಗೆ ಸಿಮೆಂಟಿನ ಮೇಲಿನ 28% ಅಂದು 18ಕ್ಕೆ ಇಳಿಯಿತು. ಆ ದಿನದ ಎರಡೂ ಬದಿಗೆ ಚಾಚಿಕೊಂಡಿದ್ದ ಕೆಲಸಗಳಿಗೆ ಯಾವ ದರ ಎಂಬ ಪ್ರಶ್ನೆ ಎದ್ದಿತು. ಕಾಯ್ದೆಯ ಕ್ರಮ ಹೀಗಿದೆ: ಕೆಲಸ ಒಪ್ಪಿಸಿದ ದಿನ, ಬಿಲ್ ಕೊಟ್ಟ ದಿನ, ಹಣ ಬಂದ ದಿನ, ಈ ಮೂರರಲ್ಲಿ ಎರಡು ಬದಲಾವಣೆಯ ಯಾವ ಬದಿಗೆ ಬೀಳುತ್ತವೋ ಆ ಬದಿಯ ದರ. ದರ ಇಳಿದರೆ ಗ್ರಾಹಕರಿಗೆ ಅದರ ಲಾಭ ಸಿಗಬೇಕು, ಏರಿದರೆ ಕಂಟ್ರಾಕ್ಟರ್ ಮೇಲೆ ಹೊರೆ ಬೀಳಬಾರದು. ಬೆಲೆಯನ್ನು ತೆರಿಗೆ ಬಿಟ್ಟು ಬರೆದಿದ್ದರೆ ಇವೆರಡೂ ತಾವಾಗಿಯೇ ಸರಿಹೋಗುತ್ತವೆ. ‘ಎಲ್ಲ ಸೇರಿ’ ಎಂದು ಒಂದೇ ಮೊತ್ತ ಬರೆದಿದ್ದರೆ ಎರಡರ ಬಗ್ಗೆಯೂ ವಾದ ಶುರುವಾಗುತ್ತದೆ.

ಕೆಲಸದ ಮಧ್ಯೆ ಮೇಷ್ಟ್ರ ಮನೆಯವರು ಬಂದು ಮೇಲುಗಡೆ ಎರಡು ಲಾಫ್ಟ್ ಬೇಕೆನ್ನುತ್ತಾರೆ. ಇದು ಎಲ್ಲ ಮನೆಗಳಲ್ಲೂ ಆಗುವಂಥದ್ದೇ. ಸ್ಥಳದಲ್ಲೇ ನಿಂತು “ಇಪ್ಪತ್ತೆಂಟು ಸಾವಿರ ಆಗುತ್ತದಮ್ಮ” ಎಂದು ಬಾಯಲ್ಲಿ ಹೇಳಿಬಿಟ್ಟರೆ ಮೊದಲಿನ ಗೊಂದಲವೇ ಮತ್ತೆ ಹುಟ್ಟುತ್ತದೆ. ಅದೇ ದಿನ ಸಂಜೆ ಇನ್ನೊಂದು ಸಂದೇಶ ಹೋಗಬೇಕು: “ಲಾಫ್ಟ್ ಎರಡು 28,000, ಜಿಎಸ್‌ಟಿ 18% 5,040, ಒಟ್ಟು 33,040. ಮೊದಲಿನ 4,42,500ರ ಜೊತೆ ಇದು ಸೇರಿ ಪೂರ್ತಿ ಮೊತ್ತ ಈಗ 4,75,540. ನೀವು ಕೊಟ್ಟ 1,77,000 ಕಳೆದು ಬಾಕಿ 2,98,540. ಒಪ್ಪಿಗೆಯಾದರೆ ನಾಳೆ ಕಟಿಂಗ್ ಶುರುಮಾಡುತ್ತೇವೆ.” ಕೊನೆಯ ಬಿಲ್ ಬರೆಯುವಾಗ ತೆರಿಗೆಗೆ ಮುಂಚಿನ ಬೆಲೆ 4,03,000, ತೆರಿಗೆ 72,540, ಒಟ್ಟು 4,75,540 ಎಂದು ತೋರಿಸಿ, ಅದರ ಕೆಳಗೆ ಅಡ್ವಾನ್ಸ್ 1,77,000 ಕಳೆದರೆ ಅಂದು ಸಂಜೆಯ ಸಂದೇಶದಲ್ಲಿದ್ದ ಬಾಕಿ ಮೊತ್ತಕ್ಕೆ ರೂಪಾಯಿಯೂ ತಪ್ಪದೆ ತಾಳೆಯಾಗುತ್ತದೆ.